ಗ್ಲಾಸು, ಸೆರಗು, ಎಡಗೈ

ಸಂಜೆಯ ಪಾರ್ಟಿಯ ಆಮಂತ್ರಣದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ‘ಉಡುಪು: ಕಾಕ್‌ಟೇಲ್’ ಎಂದಿರುತ್ತದೆ. ಓದಿ ಬೀರು ತೆರೆದರೆ ಒಳಗಿರುವುದು ಎರಡೇ ಪಂಗಡ. ಒಂದು ಕಡೆ ಮದುವೆಮನೆಗೆಂದು ಮಡಿಸಿಟ್ಟ ಜರಿ ಸೀರೆಗಳು, ಕಸೂತಿ ಸಲ್ವಾರುಗಳು. ಇನ್ನೊಂದು ಕಡೆ ವಾರವಿಡೀ ದುಡಿಯುವ ಪ್ಯಾಂಟು, ಶರ್ಟು, ಕಾಟನ್ ಕುರ್ತಾ. ಮೊದಲನೆಯದನ್ನು ಉಟ್ಟು ಹೋದರೆ ಮದುಮಗನ ಸೋದರತ್ತೆ. ಎರಡನೆಯದನ್ನು ತೊಟ್ಟರೆ ಲೆಕ್ಕ ತಪಾಸಣೆಗೆ ಬಂದವಳು.

ಹೊಸದೊಂದು ಮಿನುಗುವ ಗೌನು ಕೊಳ್ಳುವ ಮುನ್ನ ಒಂದು ಸಂಗತಿ ನೆನೆಯಬಹುದು. 1926ರಲ್ಲಿ ಅಮೆರಿಕದ ಫ್ಯಾಷನ್ ಪತ್ರಿಕೆ ವೋಗ್, ಫ್ರಾನ್ಸಿನ ವಸ್ತ್ರವಿನ್ಯಾಸಕಿ ಕೊಕೊ ಶನೆಲ್ ಅವರ ಕಪ್ಪು ಉಡುಪೊಂದರ ಚಿತ್ರ ಅಚ್ಚುಹಾಕಿ, ಇದು ಎಲ್ಲರೂ ತೊಡಲಿರುವ, ಉಡುಪುಗಳ ಫೋರ್ಡ್ ಕಾರು ಎಂಬಂತೆ ಬರೆಯಿತು. ಈ ಬಗೆಯ ಸಂಜೆಯುಡುಪಿಗೆಲ್ಲ ಹಿರಿಯಕ್ಕನೆನಿಸಿದ ಆ ಉಡುಪಿನಲ್ಲಿ ಇದ್ದದ್ದಾದರೂ ಏನು? ಕಪ್ಪು ಕ್ರೇಪ್ ಬಟ್ಟೆ, ಉದ್ದ ತೋಳು, ಇಲ್ಲವೆನ್ನುವಷ್ಟು ಅಲಂಕಾರ. ಮಿನುಗು ಆಮೇಲೆ ಬಂದು ಸೇರಿಕೊಂಡದ್ದು.

ಗಾಢ ಬಣ್ಣ, ಮೆತ್ತನೆ, ಸಾದಾ ಎಂದು ಹುಡುಕಲು ಹೊರಟರೆ ನಮ್ಮ ಬೀರುವಿನಲ್ಲೂ ಅಂಥದ್ದೊಂದು ಸಿಗುತ್ತದೆ. ಯಾರೋ ಉಡುಗೊರೆ ಕೊಟ್ಟದ್ದು, ಅಂಚಿಲ್ಲ, ‘ಇದನ್ನು ಯಾವಾಗ ಉಡೋದು’ ಎಂದು ತಳಕ್ಕೆ ಸರಿಸಿದ್ದು: ಕಡುನೀಲಿಯ ಕ್ರೇಪ್ ಸೀರೆ. ಸಂಜೆಗೆ ಅದೇ ಸರಿ. ಪಾರ್ಟಿಯ ಬೆಳಕು ಮಂದ, ಹಳದಿ, ಮೇಲಿನಿಂದ ಬೀಳುವಂಥದ್ದು. ಗಂಜಿ ಹಾಕಿದ ಕಾಟನ್ ಆ ಬೆಳಕನ್ನು ನುಂಗಿ ಹಲಗೆಯಂತೆ ನಿಲ್ಲುತ್ತದೆ. ಅಗಲ ಜರಿಯಂಚು ಸೀರೆಯನ್ನೇ ಮುಂದೆ ಮಾಡಿ ನಮ್ಮನ್ನು ಹಿಂದೆ ತಳ್ಳುತ್ತದೆ. ಕ್ರೇಪ್, ಜಾರ್ಜೆಟ್ ಮೈಮೇಲೆ ಇಳಿಬಿದ್ದು, ನಡೆದಾಗ ಮಾತ್ರ ಒಂದಿಷ್ಟು ಹೊಳೆಯುತ್ತವೆ. ಬ್ಲೌಸಿಗೆ ಆಫೀಸಿನ ಕೋಟಿನೊಳಗೆ ಹಾಕುವ ಕಪ್ಪು, ತೋಳಿಲ್ಲದ, ಮೈಗೊಪ್ಪುವ ಟಾಪ್ ಸಾಕು. ಸೀರೆಯ ಜೊತೆಗೇ ಬಂದ ಬಣ್ಣದ ಬ್ಲೌಸಿಗಿಂತ ಅದೇ ಒಳ್ಳೆಯದೆಂದು ನನ್ನ ಪಕ್ಷಪಾತ.

ಎಡವಟ್ಟಾಗುವುದು ಒಳಗಡೆ. ಲಾಡಿ ಕಟ್ಟುವ ಅಗಲ ಘೇರಿನ ಕಾಟನ್ ಲಂಗದ ಮೇಲೆ ಕ್ರೇಪ್ ಉಟ್ಟರೆ ಸೊಂಟದಲ್ಲಿ ಗಂಟು ಕಾಣುತ್ತದೆ, ಕೆಳಗೆ ಬಟ್ಟೆ ಉಬ್ಬುತ್ತದೆ. ಕಿರಿದಾಗಿ ಇಳಿಯುವ, ಸೀರೆಯದೇ ಬಣ್ಣದ ಲಂಗ ಬೇಕು. ಜಾರ್ಜೆಟ್ ಆದರೆ ಇನ್ನೂ ಒಂದು ಪರೀಕ್ಷೆ: ಉಟ್ಟುಕೊಂಡು ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಸಿಕೊಳ್ಳಿ. ಕನ್ನಡಿ ಮುಚ್ಚಿಟ್ಟದ್ದನ್ನು ಫ್ಲ್ಯಾಶ್ ಹೇಳಿಬಿಡುತ್ತದೆ. ಪಾರ್ಟಿಯಲ್ಲಿ ಫೋಟೊ ತೆಗೆಯದವರು ಯಾರಿದ್ದಾರೆ?

ಇನ್ನು ಸೆರಗು. ಇಂಥ ಪಾರ್ಟಿಗಳಲ್ಲಿ ಕೂರುವುದು ಕಡಿಮೆ, ನಿಲ್ಲುವುದೇ ಹೆಚ್ಚು. ಕೈಯಲ್ಲಿ ಗ್ಲಾಸು ಇರುತ್ತದೆ, ಅದರಲ್ಲಿ ನಿಂಬೆ ಪಾನಕವೇ ಇರಲಿ. ತಣ್ಣನೆಯ ಗ್ಲಾಸು ಹಿಡಿದ ಕೈ ಒದ್ದೆಯಾಗುತ್ತದೆ. ಆ ಒದ್ದೆ ಕೈಯನ್ನು ಮುಂದೆ ಚಾಚಿದರೆ ಕುಲುಕುವವರ ಮುಖ ನೋಡಬೇಕು. ಹಾಗಾಗಿ ಗ್ಲಾಸು ಎಡಗೈಗೆ, ಬಲಗೈ ಪರಿಚಯಕ್ಕೆ ಎಂಬುದು ಇಲ್ಲಿನ ರೂಢಿ. ಆದರೆ ಸೆರಗನ್ನು ಹಾಗೇ ಬಿಟ್ಟು ಮೊಣಕೈ ಮೇಲೆ ಹೊತ್ತವರಿಗೆ ಎಡಗೈ ಎಲ್ಲಿ ಖಾಲಿ ಇದೆ? ಗ್ಲಾಸು ಎತ್ತಿದರೆ ಸೆರಗು ಜಾರುತ್ತದೆ, ಸೆರಗು ಎಳೆದರೆ ಪಾನಕ ತುಳುಕುತ್ತದೆ. ಬಿಟ್ಟ ಸೆರಗು ಫೋಟೊಗೆ ಚೆಂದ, ಪಾರ್ಟಿಗಲ್ಲ. ನಾಲ್ಕೈದು ಬೆರಳಗಲದ ನೆರಿಗೆ ಹಿಡಿದು ಭುಜಕ್ಕೆ ಪಿನ್ನು ಹಾಕಿ, ಮೊಣಕಾಲ ಹಿಂಭಾಗದವರೆಗೆ ಇಳಿಬಿಡಿ. ಪಿನ್ನು ಬಟ್ಟೆಯ ಒಳಬದಿಯಿಂದ ಚುಚ್ಚಲಿ. ಮೇಲಿಂದ ಚುಚ್ಚಿದರೆ ಕ್ರೇಪಿನಲ್ಲಿ ಎಳೆ ಜಗ್ಗಿದ್ದು ಎದ್ದು ಕಾಣುತ್ತದೆ. ಚೈನಿನ ಪುಟ್ಟ ಪರ್ಸು ಬಲ ಭುಜಕ್ಕೆ. ಲ್ಯಾಪ್‌ಟಾಪು ಹಿಡಿಸುವ ಚೀಲವನ್ನು ದಯವಿಟ್ಟು ಮನೆಯಲ್ಲೇ ಬಿಡಿ, ಉಟ್ಟದ್ದನ್ನೆಲ್ಲ ಅದೊಂದೇ ಸುಳ್ಳು ಮಾಡುತ್ತದೆ. ಎತ್ತರ ಹಿಮ್ಮಡಿಯ ಚಪ್ಪಲಿ ಹಾಕುವುದಾದರೆ ಮೊದಲು ಅದನ್ನು ಮೆಟ್ಟಿ, ಆಮೇಲೆ ಸೀರೆ ಉಡಬೇಕು.

ಸೀರೆ ಬೇಡವೆನ್ನುವವರಿಗೆ ಆಫೀಸಿನ ಕಪ್ಪು ಪ್ಯಾಂಟು ಇದೆ. ಅದರ ಮೇಲೆ ಶರ್ಟಿನ ಬದಲು ಕಾಲರಿಲ್ಲದ ರೇಷ್ಮೆ ಕುರ್ತಾ, ಗಿಡ್ಡದಾದರೆ ಇನ್ನೂ ಮೇಲು. ಕಾಟನ್ ಪ್ಯಾಂಟಿನ ಮಂಡಿ ಸಂಜೆಗೆ ಮುದುಡಿರುತ್ತದೆ, ಅದು ನಡೆಯದು. ಗಂಡಸರ ಪಾಡು ಹೇಳುವಂಥದ್ದೇನಲ್ಲ: ಗಾಢ ಬಣ್ಣದ ಸೂಟೋ ಬಂದ್‌ಗಲಾವೋ ತೊಟ್ಟರೆ ಮುಗಿಯಿತು.

ಒಡವೆ ಒಂದೇ ಕಡೆ ಇರಲಿ. ಉದ್ದ ಓಲೆ ಹಾಕಿದರೆ ಕೊರಳು ಖಾಲಿ. ಇಷ್ಟೆಲ್ಲ ಮಾಡಿ ಹೊರಟಾಗ ಮನೆಯವರು ಕಣ್ಣಾಡಿಸಿ, “ಏನೋ ಬೋಳುಬೋಳಾಗಿದೆಯಲ್ಲೇ, ಒಂದು ಸರವಾದರೂ ಹಾಕ್ಕೋ” ಎಂದೇ ಎನ್ನುತ್ತಾರೆ. ಹಾಗಂದರೆ ಪಾರ್ಟಿಗೆ ಸರಿಯಾಗಿ ತಯಾರಾಗಿದ್ದೀರಿ, ನಿಲ್ಲದೆ ಹೊರಡಿ.