ಹೊಸ ಕಾರ್ಡ್ ಕೊಟ್ಟು ಕೈ ತೊಳ್ಕೊಳ್ಳೋ ಬ್ಯಾಂಕಿನವರಿಗೆ: ನಿಲ್ಲಬಾರದ್ದು ನಿಂತದ, ನಿಲ್ಲಬೇಕಾದ್ದು ಇನ್ನೂ ಕಟ್ ಆಗ್ಲಿಕತ್ತದ

ಕಾರ್ಡ್ ಕಳೀತು, ಇಲ್ಲಾ ಅದರ ಮುದ್ದತ್ತು ಮುಗೀತು ಅಂತ ಬ್ಯಾಂಕಿಗೆ ಹೋದ್ರ ಕೌಂಟರಿನಾಗ ಎರಡು ಮಾತು ಕೇಳ್ತೀವಿ. ಒಂದು, "ಹೊಸ ಕಾರ್ಡ್ ಬರ್ತದ, ಎಲ್ಲಾ ತಾನೇ ಚಾಲೂ ಆಗ್ತದ." ಇನ್ನೊಂದು, "ಹಳೇ ಕಾರ್ಡ್ ಬ್ಲಾಕ್ ಆಗ್ಯದ, ಇನ್ನ ಏನೂ ಕಟ್ ಆಗಂಗಿಲ್ಲ." ಎರಡೂ ಸುಳ್ಳು. ಕಲಬುರಗಿಯಾಗ, ಬೀದರಿನಾಗ, ಯಾದಗಿರಿಯಾಗ ದಿನಾ ಎಷ್ಟು ಮಂದಿ ಈ ಮಾತು ನಂಬಿ ಮನೀಗೆ ಹೋಗ್ತಾರ, ಮುಂದಿನ ತಿಂಗಳು ಪಾಸ್‌ಬುಕ್ ನೋಡಿ ತಲೀ ಮ್ಯಾಲ ಕೈ ಇಟ್ಕೊಂಡು ಕೂಡ್ತಾರ. ಒಂದು ನಿಮಿಷ ಕೂಡಿಸಿ ಸರಿಯಾಗಿ ಹೇಳಿದ್ರ ಆಗಿ ಹೋಗ್ತಿತ್ತು. ಯಾರೂ ಹೇಳಂಗಿಲ್ಲ. ಸಿಟ್ಟು ಬರೋದು ಅದಕ್ಕ.

ವಿಷಯ ಇಷ್ಟೇ ಅದ. ತಿಂಗಳಾ ತಿಂಗಳಾ ತಾನೇ ಕಟ್ ಆಗೋ ರೊಕ್ಕಕ್ಕ ನೀವು ಯಾವಾಗೋ ಒಂದು ಒಪ್ಪಿಗೆ ಕೊಟ್ಟಿರ್ತೀರಿ. ಆ ಒಪ್ಪಿಗೆ ಕೆಲವು ಕಡೆ ಕಾರ್ಡಿಗೆ ಅಂಟಿರ್ತದ, ಕೆಲವು ಕಡೆ ನೇರ ಖಾತೆಗೆ ಅಂಟಿರ್ತದ. ಕಾರ್ಡಿಗೆ ಅಂಟಿದ್ದು ಕಾರ್ಡಿನ ಜೋಡಿ ಸಾಯ್ತದ. ಖಾತೆಗೆ ಅಂಟಿದ್ದಕ್ಕ ಕಾರ್ಡ್ ಇದ್ರೇನು, ಹೋದ್ರೇನು, ಯಾವ ಫರಕೂ ಇಲ್ಲ.

ಒಂದು ಲೆಕ್ಕ ಹಾಕಿ ನೋಡ್ರಿ. ಸೇಡಂ ರಸ್ತೆ ಕಡೆ ಕಿರಾಣಿ ಅಂಗಡಿ ಇಟ್ಕೊಂಡವರೊಬ್ಬರ ಖಾತೆಯಿಂದ ತಿಂಗಳಿಗೆ ಮೂರು ಕಡೆ ರೊಕ್ಕ ಹೋಗ್ತದ ಅಂತ ಇಟ್ಕೊಳ್ರಿ. 10ನೇ ತಾರೀಖಿಗೆ ವಿಮೆ ಕಂತು 1,480 ರೂಪಾಯಿ, ಇದು ಡೆಬಿಟ್ ಕಾರ್ಡಿನ ಮ್ಯಾಲ. 12ಕ್ಕ ಸಿನಿಮಾ, ಸೀರಿಯಲ್ ನೋಡೋ ಆಪಿಗೆ 299, ಇದು ಯುಪಿಐ ಆಟೋಪೇ. 15ಕ್ಕ ಮಗನ ಆನ್‌ಲೈನ್ ಟ್ಯೂಷನ್ ಆಪಿಗೆ 1,499, ಇದು ಇ-ನ್ಯಾಚ್, ಅಂದ್ರ ಬ್ಯಾಂಕ್ ಖಾತೆಯಿಂದ ನೇರ ಎಳ್ಕೊಳ್ಲಿಕ್ಕ ಆನ್‌ಲೈನಿನಾಗ ಕೊಟ್ಟ ಒಪ್ಪಿಗೆ. ಮಗ ಆ ಆಪ್ ತೆಗೆದು ನೋಡೋದು ಬಿಟ್ಟು ಬಹಳ ದಿನ ಆಗ್ಯದ. 3ನೇ ತಾರೀಖಿಗೆ ಕಾರ್ಡ್ ಕಳೀತು, ಅವತ್ತೇ ಬ್ಲಾಕ್ ಮಾಡಿಸಿದ್ರು. ಹೊಸದು ಅಂಚೆಯಾಗ 14ಕ್ಕ ಬಂತು. ಏನಾಯ್ತು? ಬೇಕಾಗಿದ್ದ ವಿಮೆ ಕಂತು ಹೋಗಲಿಲ್ಲ. ಬ್ಯಾಡಾಗಿದ್ದ ಟ್ಯೂಷನ್ ಆಪಿನವರು 15ಕ್ಕ ಸರಿಯಾಗಿ 1,499 ಎಳ್ಕೊಂಡ್ರು.

ಮೊದಲು ವಿಮೆ ಯಾಕ ನಿಂತಿತು ಅಂತ ನೋಡೋಣ. 2022ರ ಅಕ್ಟೋಬರ್ 1ರಿಂದ ಯಾವ ಅಂಗಡಿ, ಆಪ್, ಕಂಪನಿಯೂ ನಿಮ್ಮ ಕಾರ್ಡ್ ನಂಬರ್ ತನ್ನ ಹತ್ತಿರ ಇಟ್ಕೊಳ್ಳೋ ಹಂಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ. ನಂಬರಿನ ಬದಲಿಗೆ ಒಂದು ಟೋಕನ್ ಇರ್ತದ. ಆ ಟೋಕನ್ ಆ ಒಂದು ಕಾರ್ಡಿಗೆ, ಆ ಒಂದು ಕಂಪನಿಗೆ ಮಾತ್ರ. ನಿಯಮ ಛಲೋನೇ ಅದ, ನಂಬರ್ ಕಳುವಾಗೋ ಭಯ ಕಡಿಮೆ ಆಗ್ಯದ. ಆದ್ರ ಅದೇ ನಿಯಮದಾಗ ಇನ್ನೊಂದು ಮಾತು ಬರದದ: ಕಾರ್ಡ್ ಬದಲಾದಾಗ, ಹಳೇ ಕಾರ್ಡ್ ಎಲ್ಲೆಲ್ಲಿ ಜೋಡಿಸಿತ್ತೋ ಅಲ್ಲಿಗೆ ಹೊಸದನ್ನ ಜೋಡಿಸಲಿಕ್ಕ ಬ್ಯಾಂಕಿನವರು ಗಿರಾಕಿಯ ಸ್ಪಷ್ಟ ಒಪ್ಪಿಗೆ ಕೇಳಬೇಕು. ಯಾವ ಕೌಂಟರಿನಾಗ ಕೇಳ್ತಾರ ಹೇಳ್ರಿ? ಯಾವ್ಯಾವ ಕಂಪನಿಯಾಗ ನಿಮ್ಮ ಕಾರ್ಡ್ ಜೋಡಿಸಿದೆ ಅಂತ ಪಟ್ಟಿ ತೋರಿಸೋ ಸೌಲಭ್ಯನೂ ಬ್ಯಾಂಕ್ ಕೊಡಲೇಬೇಕು. ಆಪಿನಾಗ ಎಲ್ಲೋ ನಾಲ್ಕು ಮೆನು ಒಳಗ ಅದು ಇರ್ತದ. ಅದು ಅಲ್ಲೈತಿ ಅಂತ ಹೇಳೋರು ಬೇಕಲ್ಲ.

ಸರಿ, ಹೊಸ ಕಾರ್ಡ್ ಬಂತು, ವಿಮೆಯವರ ಆಪಿನಾಗ ತಾವೇ ಹಾಕಿದ್ರು ಅನ್ರಿ. ಆಗಲೂ "ವಹಿವಾಟು ವಿಫಲ" ಅಂತ ಬರ್ತದ. ಇದು ಎಲ್ಲರನ್ನೂ ಕಾಡೋ ಎರಡನೇ ಗಂಟು. 2020ರಾಗ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸದಾಗಿ ಕೊಟ್ಟ ಕಾರ್ಡಿರಲಿ, ಬದಲಿ ಕೊಟ್ಟ ಕಾರ್ಡಿರಲಿ, ಮೊದಲಿಗೆ ದೇಶದ ಒಳಗ ಎಟಿಎಂನಾಗ, ಅಂಗಡಿ ಮಷಿನ್ನಿನಾಗ ಹಾಕಿ ಬಳಸಲಿಕ್ಕ ಮಾತ್ರ ಚಾಲೂ ಇರ್ತದ. ಆನ್‌ಲೈನ್ ವಹಿವಾಟು, ವಿದೇಶಿ ವಹಿವಾಟು, ಮಷಿನ್ನಿಗೆ ಬರೇ ತಾಕಿಸಿ ಕೊಡೋದು, ಇವೆಲ್ಲಾ ಬಂದ್ ಇರ್ತಾವ. ನೀವೇ ಚಾಲೂ ಮಾಡ್ಕೋಬೇಕು. ಹಳೇ ಕಾರ್ಡಿನಾಗ ಚಾಲೂ ಮಾಡಿದ್ದು ಹೊಸದಕ್ಕ ಬರ್ತದ ಅಂತ ನಂಬಿ ಕೂಡಬ್ಯಾಡ್ರಿ. ಕಾರ್ಡಿನ ಕವರಿನಾಗ ಈ ಮಾತು ಇರಬಿ ಕಾಲಿನಂಥ ಇಂಗ್ಲಿಷ್ ಅಕ್ಷರದಾಗ ಅಚ್ಚಾಗಿರ್ತದ. ಅದನ್ನ ಓದ್ಕೊಂಡು ತಿಳ್ಕೊಳ್ರಿ ಅಂತ ಜೇವರ್ಗಿಯ ರೈತನಿಗೆ, ಶಹಾಪುರದ ಅಂಗನವಾಡಿ ಟೀಚರಿಗೆ ಹೇಳೋದು ಯಾವ ನ್ಯಾಯ?

ಹಿಂಗಾಗಿ ಒಂದರ ಹಿಂದೊಂದು ಹಿಂಗ ಮಾಡ್ರಿ. ಮೊದಲು ಹೊಸ ಕಾರ್ಡಿಗೆ ಪಿನ್ ಹಾಕ್ರಿ. ಆಮ್ಯಾಲ ಬ್ಯಾಂಕಿನ ಆಪಿನಾಗ ಕಾರ್ಡ್ ಸೆಟ್ಟಿಂಗಿಗೆ ಹೋಗಿ ಆನ್‌ಲೈನ್ ಬಳಕೆ ಚಾಲೂ ಮಾಡ್ರಿ, ಅದರ ಮಿತಿ ಸೊನ್ನೆ ಇದ್ರ ಕಂತಿಗಿಂತ ಮ್ಯಾಲ ಏರಿಸ್ರಿ. ಕಂಪನಿ ಹೊರದೇಶದ್ದಿದ್ರ ವಿದೇಶಿ ಬಳಕೆನೂ ಚಾಲೂ ಬೇಕಾಗ್ತದ. ಅದಾದ ಮ್ಯಾಲೇ ಕಂಪನಿಯ ಆಪಿನಾಗ ಹಳೇ ಕಾರ್ಡ್ ತೆಗೆದು ಹೊಸದು ಹಾಕ್ರಿ. ಇಲ್ಲೊಂದು ಮೋಸ ಹೋಗೋ ಜಾಗ ಅದ: ಹೊಸ ಕಾರ್ಡಿನಿಂದ ಈ ತಿಂಗಳ ಕಂತು ತುಂಬಿದ್ರಿ, ‘ಕಾರ್ಡ್ ಸೇವ್ ಮಾಡು’ ಅಂತ ಟಿಕ್ಕೂ ಹಾಕಿದ್ರಿ ಅಂದ್ರ ಮುಂದಿನ ತಿಂಗಳದ್ದು ತಾನೇ ಹೋಗ್ತದ ಅಂತ ಅರ್ಥ ಅಲ್ಲ. ಕಾರ್ಡ್ ಸೇವ್ ಆಗೋದು ಬ್ಯಾರೆ, ಆಟೋಪೇ ಒಪ್ಪಿಗೆ ಅಂದ್ರ ಮ್ಯಾಂಡೇಟ್ ಆಗೋದು ಬ್ಯಾರೆ. ಮ್ಯಾಂಡೇಟಿಗೆ ಹೊಸದಾಗಿ ಒಟಿಪಿ ಕೊಡಬೇಕು, ಆಮ್ಯಾಲ ಬ್ಯಾಂಕಿನ ಆಪಿನಾಗ ಮ್ಯಾಂಡೇಟ್ ಪಟ್ಟಿ ತೆಗೆದು ಆ ಕಂಪನಿ ಹೆಸರು ಬಂದದೋ ಇಲ್ಲೋ ನೋಡಬೇಕು. ಪಟ್ಟಿಯಾಗ ಹೆಸರಿಲ್ಲ ಅಂದ್ರ ಆಗಿಲ್ಲ, ಅಷ್ಟೇ.

ವಿಮೆಯಾಗ ಇದು ಆಟ ಅಲ್ಲ. ತಿಂಗಳ ಕಂತಿನ ಜೀವ ವಿಮೆಗೆ ಹೆಚ್ಚಿನ ಗಡುವು 15 ದಿನ ಮಾತ್ರ, ವರ್ಷಕ್ಕೊಮ್ಮೆ ತುಂಬೋದಿದ್ರ 30 ದಿನ. 10ಕ್ಕ ತಪ್ಪಿದ ಕಂತು 25ರೊಳಗ ಹೋಗಬೇಕು, ಇಲ್ಲಂದ್ರ ಪಾಲಿಸಿ ನಿಂತು ಹೋಗ್ತದ. ಕಾರ್ಡೇ 14ಕ್ಕ ಬಂದದ. ಆದ್ದರಿಂದ ಕಾರ್ಡಿಗಾಗಿ ಕಾಯಬ್ಯಾಡ್ರಿ, ತಪ್ಪಿದ ಕಂತು ಮೊದಲು ಯುಪಿಐಯಿಂದ ತುಂಬಿ ರಶೀದಿ ಇಟ್ಕೊಳ್ರಿ, ಆಟೋಪೇ ಆಮ್ಯಾಲ ಮಾಡ್ರಿ. ಕಾರ್ಡ್ ಮ್ಯಾಂಡೇಟ್ ಇದ್ರ ರೊಕ್ಕ ಕಟ್ ಆಗೋ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಮೆಸೇಜ್ ಬರಬೇಕು. ಪ್ರತಿ ತಿಂಗಳು ಬರೋ ಆ ಮೆಸೇಜ್ ಈ ಸಲ ಬರಲಿಲ್ಲ ಅಂದ್ರ ಕಂತು ತಪ್ಪೋ ಸೂಚನೆ ಅಂತ ತಿಳೀರಿ. ನಮ್ಮ ಕಡೆ ಇನ್ನೊಂದು ತೊಂದರೆ: ಖಾತೆಗೆ ಹಾಕಿದ ಮೊಬೈಲ್ ನಂಬರ್ ಪುಣೆಯಾಗೋ ಹೈದರಾಬಾದಿನಾಗೋ ದುಡಿಯೋ ಮಗಂದಿರ್ತದ. ಮೆಸೇಜ್ ಅಲ್ಲಿಗೆ ಹೋಗ್ತದ, ಇಲ್ಲಿ ಅಪ್ಪ ಅವ್ವಗ ಗೊತ್ತೇ ಆಗಂಗಿಲ್ಲ.

ಈಗ ಆ 1,499ರ ಮಾತು. ಇ-ನ್ಯಾಚ್ ಮಾಡೋವಾಗ ಆಪಿನವರು ಡೆಬಿಟ್ ಕಾರ್ಡ್ ನಂಬರ್ ಕೇಳ್ತಾರ, ಒಟಿಪಿ ಕೇಳ್ತಾರ. ಅದನ್ನ ನೋಡಿದವರು ಯಾರಿದ್ರೂ "ಇದು ಕಾರ್ಡಿನಿಂದ ಕಟ್ ಆಗ್ತದ" ಅಂತಾನೇ ತಿಳೀತಾರ. ಖರೇ ಅಂದ್ರ ಅಲ್ಲಿ ಕಾರ್ಡ್ ಬಳಸಿದ್ದು ಈ ಖಾತೆ ನಿಮ್ಮದೇ ಅಂತ ಗುರುತು ಹಿಡೀಲಿಕ್ಕ ಮಾತ್ರ, ಅದೂ ಒಂದೇ ಸಲ. ಒಪ್ಪಿಗೆ ಕೂತಿರೋದು ಖಾತೆ ನಂಬರಿನ ಮ್ಯಾಲ. ಕಾರ್ಡ್ ಬ್ಲಾಕ್ ಮಾಡ್ರಿ, ಕತ್ತರಿಸಿ ಒಗೀರಿ, ಅದು ಕಟ್ ಆಗ್ತಾನೇ ಇರ್ತದ. ಯುಪಿಐ ಆಟೋಪೇದ್ದೂ ಇದೇ ಕಥಿ: ಯುಪಿಐ ಪಿನ್ ಹಾಕ್ಲಿಕ್ಕ ಡೆಬಿಟ್ ಕಾರ್ಡಿನ ಕೊನೇ ಆರು ಅಂಕಿ ಕೊಟ್ಟಿರ್ತೀರಿ, ಆದ್ರ ಮ್ಯಾಂಡೇಟ್ ಖಾತೆಗೆ ಕಟ್ಟಿರ್ತದ. ಇದನ್ನ ಒಬ್ಬ ಬ್ಯಾಂಕಿನವನರೆ ಬಿಡಿಸಿ ಹೇಳ್ಯಾನೇನು?

ಪತ್ತೆ ಹಚ್ಚೋದು ಪಾಸ್‌ಬುಕ್ಕಿನಿಂದ. ಕಟ್ ಆದ ಸಾಲಿನಾಗ `ACH` ಇಲ್ಲಾ `NACH` ಅಂತ ಇದ್ರ ಅದು ಖಾತೆಯ ಮ್ಯಾಂಡೇಟ್. `UPI` ಅಂತ ಇದ್ರ ಆಟೋಪೇ ಇರಬಹುದು, ಯುಪಿಐ ಆಪಿನಾಗ ನಿಮ್ಮ ಪ್ರೊಫೈಲ್ ಒತ್ತಿ `Autopay` ಅನ್ನೋದರೊಳಗ ನೋಡ್ರಿ. ಅಲ್ಲೇ ರದ್ದು ಮಾಡಬಹುದು. ಎರಡು ಮೂರು ಯುಪಿಐ ಆಪ್ ಇದ್ರ ಎಲ್ಲದರಾಗೂ ನೋಡ್ರಿ.

ನ್ಯಾಚ್ ನಿಲ್ಲಿಸಲಿಕ್ಕ ಬಹಳ ಮಂದಿ ಮಾಡೋದು ಏನು? ತಾರೀಖಿನ ಹಿಂದಿನ ದಿನ ಖಾತೆ ಖಾಲಿ ಮಾಡೋದು. ದಯವಿಟ್ಟು ಹಿಂಗ ಮಾಡಬ್ಯಾಡ್ರಿ. ರೊಕ್ಕ ಇಲ್ಲದೆ ವಾಪಸ್ ಹೋದ್ರ ಬ್ಯಾಂಕ್ ದಂಡ ಹಾಕ್ತದ. ದಂಡ 250 ರೂಪಾಯಿ ಇದ್ರ, ಅದರ ಮ್ಯಾಲ 18 ಶೇಕಡಾ ಜಿಎಸ್‌ಟಿ ಸೇರಿ 295. ಕಂಪನಿಯವರು ಮತ್ತ ಹಾಕಿದ್ರ ಮತ್ತ ದಂಡ. ಬ್ಯಾಡಾದ ಆಪಿನ ಸಲುವಾಗಿ ಬ್ಯಾಂಕಿಗೆ ರೊಕ್ಕ ತುಂಬಿದಂಗಾಯ್ತು.

ಮೊದಲು ಕಂಪನಿಯ ಆಪಿನಾಗ ಸೇವೆ ರದ್ದು ಮಾಡ್ರಿ, ರದ್ದಾದ ಇಮೇಲ್ ಇಟ್ಕೊಳ್ರಿ. ಮ್ಯಾಂಡೇಟ್ ಒಂದೇ ಕಿತ್ತು ಸೇವೆ ಹಂಗೇ ಬಿಟ್ರ "ಬಾಕಿ ಅದ" ಅಂತ ಫೋನ್ ಮಾಡ್ತಾರ. ಆಮ್ಯಾಲ ಬ್ಯಾಂಕಿಗೆ ಲಿಖಿತ ಅರ್ಜಿ ಕೊಡ್ರಿ. ಅದರಾಗ ಯುಎಂಆರ್‌ಎನ್ ಅನ್ನೋ 20 ಅಕ್ಷರದ ಮ್ಯಾಂಡೇಟ್ ಸಂಖ್ಯೆ ಇರಬೇಕು. ಅದು ನೆಟ್ ಬ್ಯಾಂಕಿಂಗಿನ ಮ್ಯಾಂಡೇಟ್ ಪಟ್ಟಿಯಾಗ ಸಿಗ್ತದ, ಇಲ್ಲಂದ್ರ ಕೌಂಟರಿನಾಗ ಕೇಳಿ ತಗೊಳ್ರಿ. "ಈ ಮ್ಯಾಂಡೇಟ್ ರದ್ದು ಮಾಡ್ರಿ" ಅಂತ ಬರೀರಿ, "ಪೇಮೆಂಟ್ ನಿಲ್ಲಿಸ್ರಿ" ಅಂತ ಬರೀಬ್ಯಾಡ್ರಿ, ಯಾಕಂದ್ರ ಒಂದು ತಿಂಗಳದ್ದು ನಿಲ್ಲಿಸಿ ಮುಂದಿನ ತಿಂಗಳು ಮತ್ತ ಬಿಡ್ತಾರ. ಅರ್ಜಿಯ ನಕಲಿನ ಮ್ಯಾಲ ತಾರೀಖಿನ ಜೋಡಿ ಸೀಲ್ ಹಾಕಿಸ್ಕೊಳ್ಳದೆ ಕೌಂಟರ್ ಬಿಡಬ್ಯಾಡ್ರಿ. ಸಾಲದ ಕಂತಿನ ನ್ಯಾಚ್‌ಗೆ ಮಾತ್ರ ಇದನ್ನ ಮಾಡಬ್ಯಾಡ್ರಿ. ಮ್ಯಾಂಡೇಟ್ ಹೋದ್ರೂ ಸಾಲ ಹೋಗಂಗಿಲ್ಲ, ಕಂತು ತಪ್ಪಿದ್ದು ಸಿಬಿಲ್‌ನಾಗ ಕೂಡ್ತದ.

"ಅದು ನಮ್ಮದಲ್ಲ, ಕಂಪನಿಯವರನ್ನ ಕೇಳ್ರಿ" ಅಂತ ಬ್ಯಾಂಕಿನವರು ದೂಡಿದ್ರ ಬಾಯಿ ಮಾತಿಗೆ ಬಿಡಬ್ಯಾಡ್ರಿ, ದೂರು ಬರೆದು ನಂಬರ್ ತಗೊಳ್ರಿ. 30 ದಿನದಾಗ ಉತ್ತರ ಬರಲಿಲ್ಲ, ಇಲ್ಲಾ ಬಂದ ಉತ್ತರ ಸರಿ ಕಾಣಲಿಲ್ಲ ಅಂದ್ರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ಮ್ಯಾಲ ಪುಕ್ಕಟೆ ದೂರು ಕೊಡಬಹುದು. 14448ಕ್ಕ ಫೋನ್ ಮಾಡಿದ್ರ ಹೆಂಗ ಕೊಡೋದು ಅಂತ ಹೇಳ್ತಾರ. ದೂರಿನ ಜೋಡಿ ಸೀಲ್ ಬಿದ್ದ ಅರ್ಜಿ, ಸೇವೆ ರದ್ದಾದ ಇಮೇಲ್, ಅದಾದ ಮ್ಯಾಲೂ ರೊಕ್ಕ ಕಟ್ ಆದ ಪಾಸ್‌ಬುಕ್ ಪುಟ, ಈ ಮೂರೂ ಹಚ್ರಿ.