ಗ್ರಿಡ್‌ನಲ್ಲಿ 5,5 ಅಂದ್ರೆ ಸಮತೋಲನ ಅಲ್ಲ

"ಮ್ಯಾನೇಜರ್ ಗ್ರಿಡ್‌ನಲ್ಲಿ 5,5 ಬಂದರೆ ಅದೇ ಬೆಸ್ಟ್. ಜನರಿಗೂ ಅರ್ಧ, ಕೆಲಸಕ್ಕೂ ಅರ್ಧ."

ಇದು ತಪ್ಪು. ಮ್ಯಾನೇಜರ್‌ನ ಶೈಲಿಯನ್ನು 1ರಿಂದ 9ರವರೆಗಿನ ಎರಡು ಅಂಕಿಗಳಲ್ಲಿ ತೋರಿಸುವ ಈ ಗ್ರಿಡ್ ಅನ್ನು 1964ರಲ್ಲಿ ನಿರ್ವಹಣಾ ತಜ್ಞರಾದ ಬ್ಲೇಕ್ ಮತ್ತು ಮೌಟನ್ ಕೊಟ್ಟಾಗ 5,5 ಅನ್ನು ನಡುದಾರಿ ಎಂದರು. ಅವರು ಮೇಲೆಂದು ಹೇಳಿದ್ದು 9,9. ಮೊದಲ ಅಂಕಿ ಕೆಲಸದ ಕಾಳಜಿ, ಎರಡನೆಯದು ಜನರ ಕಾಳಜಿ. ಎರಡೂ ಬೇರೆ ಬೇರೆ ಅಳತೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಅಂತಿಲ್ಲ.

ಒಂದು ಉದಾಹರಣೆ ನೋಡಿ. ಸಂಜೆಯೊಳಗೆ ವರದಿ ಹೋಗಬೇಕು. ಅದನ್ನು ಬರೆಯುವವರ ಮಗುವಿಗೆ ಜ್ವರ. "ಮುಗಿಸಿಯೇ ಹೋಗಿ" ಅಂದರೆ 9,1. "ಹೋಗಿ, ವರದಿ ಬಿಡಿ" ಅಂದರೆ 1,9. "ಒಂದು ಗಂಟೆ ಇದ್ದು, ಆದಷ್ಟು ಮಾಡಿ ಹೋಗಿ" ಅನ್ನೋದು 5,5. ಇಲ್ಲಿ ವರದಿಯೂ ಅರೆಬರೆ, ಅವರ ಮನಸ್ಸೂ ಮನೆಯಲ್ಲೇ.

9,9 ಮ್ಯಾನೇಜರ್ ಅವರ ಜೊತೆ ಐದು ನಿಮಿಷ ಕೂರುತ್ತಾರೆ. ಇವತ್ತೇ ಬೇಕಾದ್ದು ಯಾವ ಭಾಗ ಅಂತ ಕೇಳುತ್ತಾರೆ. ಅಂಕಿಅಂಶದ ಪುಟ ಮಾತ್ರ ಸಾಕು ಅಂತ ಗೊತ್ತಾಗುತ್ತದೆ. ಅದನ್ನು ಸಹೋದ್ಯೋಗಿ ವಹಿಸಿಕೊಳ್ಳುತ್ತಾರೆ, ಉಳಿದದ್ದು ನಾಳೆ. ದಾರಿ ಹುಡುಕಿದ್ದು ಕೆಲಸ ಮಾಡುವವರೇ, ಅಲ್ವಾ?

ನಿಮ್ಮ ಅಂಕಿಯನ್ನು ನೀವೇ ಹಾಕಿಕೊಂಡರೆ ಸಾಮಾನ್ಯವಾಗಿ ಜಾಸ್ತಿಯೇ ಬರುತ್ತದೆ. ತಂಡದವರಿಂದ ಹಾಕಿಸಿ.