ತಡವಾಗುತ್ತೆ ಅಂತ ಹೇಳೋದಕ್ಕೂ ಒಂದು ಹೊತ್ತಿದೆ

ನಾನಿರುವುದು ಅಮೆರಿಕದ ಓಹಾಯೋದಲ್ಲಿ. ನನ್ನ ಚಿಕ್ಕಮ್ಮನ ಮಗಳು ಕೊಡಗಿನ ಮಾದಾಪುರದ ಹತ್ತಿರ ಮನೆಯಲ್ಲೇ ಕಾಫಿ ಹುರಿದು, ಪುಡಿ ಮಾಡಿ ಬೆಂಗಳೂರು, ಮೈಸೂರಿಗೆ ಕಳಿಸುತ್ತಾಳೆ. ಆರ್ಡರೆಲ್ಲ ವಾಟ್ಸಾಪಿನಲ್ಲಿ. ಕಳೆದ ಮಳೆಗಾಲದಲ್ಲಿ ಒಂದು ಬುಧವಾರ ಅವಳ ಫೋನ್ ಬಂತು.

"ಅಣ್ಣಾ, ಶನಿವಾರದಿಂದ ಕರೆಂಟಿಲ್ಲ. ನಿನ್ನೆ ಹೋಗಬೇಕಿದ್ದ 40 ಆರ್ಡರ್ ಹಾಗೇ ಬಿದ್ದಿದೆ. ಜನ ಕೇಳ್ತಿದ್ದಾರೆ. ಏನಂತ ಬರೀಲಿ?"

ಅವಳು ಬರೆದಿಟ್ಟಿದ್ದ ಮೆಸೇಜನ್ನು ಓದಿಸಿದೆ. 'ವಿಪರೀತ ಮಳೆಯ ಕಾರಣ ತಡವಾಗಿದೆ. ದಯವಿಟ್ಟು ಕ್ಷಮಿಸಿ. ಆದಷ್ಟು ಬೇಗ ಕಳಿಸುತ್ತೇವೆ.' ಇದರಲ್ಲಿ ಸುಳ್ಳಿಲ್ಲ. ಆದರೆ ಓದಿದವರಿಗೆ ಗೊತ್ತಾಗುವುದೂ ಏನಿಲ್ಲ. 'ಆದಷ್ಟು ಬೇಗ' ಅಂದರೆ ನಾಳೆಯೋ, ಮುಂದಿನ ತಿಂಗಳೋ? ನಮ್ಮೂರಲ್ಲಿ ಇದು ಹಳೇ ಅಭ್ಯಾಸ. ಎದುರಿಗಿದ್ದವರ ಮನಸ್ಸು ನೋಯಬಾರದು ಅಂತ 'ನಾಳೆ ಆಗುತ್ತೆ' ಅಂದುಬಿಡುತ್ತೇವೆ. ನಾಳೆ ಆಗದಿದ್ದಾಗ ಅವರಿಗೆ ಇನ್ನೂ ಜಾಸ್ತಿ ನೋವಾಗುತ್ತೆ.

ಇಲ್ಲಿ ಅಮೆರಿಕದಲ್ಲಿ ಅಂಚೆಯಲ್ಲಿ ಸರಕು ಮಾರುವವರಿಗೆ 1975ರಲ್ಲೇ ಒಂದು ನಿಯಮ ಬಂತು. ಈಗ ಅದು ಇಂಟರ್ನೆಟ್ ಆರ್ಡರಿಗೂ ಇದೆ. ಹೇಳಿದ ದಿನಕ್ಕೆ ಕಳಿಸಲು ಆಗುವುದಿಲ್ಲ ಅಂತ ಗೊತ್ತಾದರೆ, ಆ ದಿನ ದಾಟುವ ಮೊದಲೇ ಗ್ರಾಹಕರಿಗೆ ಹೇಳಬೇಕು. ಹೊಸ ದಿನ ಕೊಡಬೇಕು. ಬೇಡವಾದರೆ ಆರ್ಡರ್ ಬಿಟ್ಟು ಪೂರ್ತಿ ದುಡ್ಡು ವಾಪಸ್ ಪಡೆಯಬಹುದು ಅಂತಲೂ ತಿಳಿಸಬೇಕು. ಮೊದಲ ಸಲದ ತಡ 30 ದಿನದ ಒಳಗಿದ್ದರೆ, ಗ್ರಾಹಕರು ಉತ್ತರ ಕೊಡದಿದ್ದರೂ ಕಾಯಲು ಒಪ್ಪಿದ್ದಾರೆ ಅಂತ ಲೆಕ್ಕ. ಆ ಹೊಸ ದಿನವೂ ತಪ್ಪಿ ಎರಡನೇ ಸಲ ತಡವಾದರೆ ಲೆಕ್ಕ ತಿರುಗುತ್ತೆ. ಆಗ ಅವರು 'ಕಾಯ್ತೀನಿ' ಅಂತ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ದುಡ್ಡು ವಾಪಸ್ ಮಾಡಲೇಬೇಕು. ಈ ಭೇದ ನನಗೆ ತುಂಬಾ ಹಿಡಿಸಿತು. ಮೊದಲ ಸಲ ಜನ ನಂಬುತ್ತಾರೆ. ಎರಡನೇ ಸಲ ನಾವು ಕೇಳಬೇಕು.

ಹಾಗೆ ನೋಡಿದರೆ ತಂಗಿಯ ತಪ್ಪು ಬುಧವಾರದ್ದಲ್ಲ, ಸೋಮವಾರದ್ದು. ಮಂಗಳವಾರ ಕಳಿಸಲು ಆಗಲ್ಲ ಅಂತ ಅವಳಿಗೆ ಸೋಮವಾರವೇ ಗೊತ್ತಿತ್ತು. ಕರೆಂಟ್ ಬಂದೀತು ಅಂತ ಸುಮ್ನೆ ಕಾದಳು.

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅರ್ಧ ಕೆಜಿಯ 40 ಪ್ಯಾಕೆಟ್ ಅಂದರೆ 20 ಕೆಜಿ ಪುಡಿ. ಹುರಿದಾಗ ಬೀಜದ ತೂಕ ಇಳಿಯುತ್ತೆ, ಹಾಗಾಗಿ ಸುಮಾರು 24 ಕೆಜಿ ಬೀಜ ಬೇಕು. ಅವಳ ಡ್ರಮ್ಮಿಗೆ ಒಂದು ಸಲಕ್ಕೆ 5 ಕೆಜಿ, ಅಂದರೆ ಐದು ಸಲ ಹುರಿಯಬೇಕು. ಒಂದು ದಿನದ ಕೆಲಸ. ಹುರಿದ ಕೂಡಲೇ ಪ್ಯಾಕ್ ಮಾಡಿದರೆ ಬೀಜದಿಂದ ಗಾಳಿ ಹೊರಟು ಪ್ಯಾಕೆಟ್ ಉಬ್ಬುತ್ತೆ, ಅದಕ್ಕೆ ಒಂದು ದಿನ ಬಿಡಬೇಕು. ಲೈನ್‌ಮ್ಯಾನ್ ಶುಕ್ರವಾರ ಅಂದಿದ್ದ. ಶನಿವಾರ ಹುರಿದು, ಭಾನುವಾರ ಬಿಟ್ಟು, ಸೋಮವಾರ ಪುಡಿ ಮಾಡಿ, ಮಂಗಳವಾರ ಕೊರಿಯರಿಗೆ ಕೊಟ್ಟರೆ ಗುರುವಾರ ಬೆಂಗಳೂರು. "ಗುರುವಾರ ಅಂತ ಬರೀತೀನಿ" ಅಂದಳು. ಬೇಡ ಅಂದೆ. ಲೈನ್‌ಮ್ಯಾನ್ ಮಾತು ನಮ್ಮ ಕೈಯಲ್ಲಿಲ್ಲ ಅಲ್ವಾ? ಎರಡು ದಿನ ಸೇರಿಸಿ ಹೀಗೆ ಬರೆದೆವು:

'ನಿಮ್ಮ ಕಾಫಿ ಪುಡಿ ನಿನ್ನೆ ಹೊರಡಬೇಕಿತ್ತು, ಹೊರಟಿಲ್ಲ. ಶನಿವಾರದಿಂದ ಕರೆಂಟಿಲ್ಲದೆ ಹುರಿಯಲು ಆಗಿಲ್ಲ. ಇದನ್ನು ಸೋಮವಾರವೇ ತಿಳಿಸಬೇಕಿತ್ತು, ತಿಳಿಸಲಿಲ್ಲ, ಕ್ಷಮಿಸಿ. ಮುಂದಿನ ಶನಿವಾರದೊಳಗೆ ನಿಮಗೆ ತಲುಪುತ್ತೆ. ಈ ಭಾನುವಾರ ಸಂಜೆ ಎಲ್ಲಿಗೆ ಬಂತು ಅಂತ ನಾನೇ ತಿಳಿಸುತ್ತೇನೆ. ಕಾಯಲು ಆಗದಿದ್ದರೆ ಬೇಡ ಅಂತ ಬರೆಯಿರಿ, ಇವತ್ತೇ ಪೂರ್ತಿ ದುಡ್ಡು ಹಾಕುತ್ತೇನೆ.'

ಮೂವರು ಬೇಡ ಅಂದರು. ಅವರಿಗೆ ಅವತ್ತೇ ದುಡ್ಡು ಹೋಯಿತು. ಕರೆಂಟ್ ಶುಕ್ರವಾರ ಬರಲಿಲ್ಲ, ಶನಿವಾರ ರಾತ್ರಿ ಬಂತು. ಹುರಿಯುವುದು ಒಂದು ದಿನ ತಡವಾಯಿತು, ಆದರೂ ಹೇಳಿದ ದಿನ ತಪ್ಪಲಿಲ್ಲ. ಭಾನುವಾರ ಹುರಿಯುತ್ತಾ ಇದ್ದಾಗಲೇ ಒಂದು ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು.

ಹಾಗಂತ ಇಲ್ಲಿನದ್ದೆಲ್ಲ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಇಲ್ಲಿನ ಕಂಪನಿಗಳ ಮೆಸೇಜಿನಲ್ಲಿ ದಿನ ಇರುತ್ತೆ, ಮನುಷ್ಯರು ಇರುವುದಿಲ್ಲ. ಯಾರಿಗೆ ಯಾವ ಹೊತ್ತಿಗೆ ಬೇಕಿತ್ತು ಅಂತ ಯಾರೂ ನೋಡುವುದಿಲ್ಲ. ತಂಗಿ ನೋಡುತ್ತಾಳೆ. ಅವಳು ಅಡುಗೆಗೆ ಹಾಕುವ ಕೊಡಗಿನ ಹುಳಿ ಕಾಚಂಪುಳಿಯನ್ನೂ ಮಾರುತ್ತಾಳೆ. ಅದರ ಹಣ್ಣು ಬರುವುದೇ ಮಳೆಗಾಲದಲ್ಲಿ. ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಬೇಕು, ಅವಸರ ಮಾಡಿದರೆ ನೀರು ನೀರಾಗುತ್ತೆ. ಆಗಸ್ಟ್ ಕೊನೆಯಲ್ಲಿ ಅದೂ ತಡವಾಯಿತು. ಎಲ್ಲರಿಗೂ ಮೆಸೇಜ್ ಹಾಕಿದಳು. ಬೆಂಗಳೂರಿನ ಒಬ್ಬ ಹಿರಿಯ ಹೆಂಗಸಿಗೆ ಮಾತ್ರ ಫೋನ್ ಮಾಡಿದಳು. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬದ ಪಂದಿ ಕರಿಗೆ ಬೇಕು ಅಂತ ಅವರು ಆರ್ಡರ್ ಮಾಡುವಾಗಲೇ ಹೇಳಿದ್ದರು.

"ಆಂಟೀ, ಹೊಸದು ಹಬ್ಬಕ್ಕೆ ಬರಲ್ಲ. ಹೋದ ವರ್ಷದ್ದು ನಮ್ಮನೆಗೆ ಇಟ್ಟುಕೊಂಡಿದ್ದು ಒಂದು ಬಾಟಲಿ ಇದೆ, ಅದನ್ನ ಕಳಿಸಲಾ?"

ಹಳೆಯದು ಅಂತ ಹೇಳಿಯೇ ಕಳಿಸಿದಳು. ಹೊಸದು ಆದ ಮೇಲೆ ಆ ಆಂಟಿ ಇನ್ನೆರಡು ಬಾಟಲಿಗೆ ದುಡ್ಡು ಹಾಕಿ, 'ನಿಧಾನಕ್ಕೆ ಕಳಿಸಮ್ಮಾ' ಅಂತ ಬರೆದಿದ್ದರು.